ಪಿಂಚಣಿ ನಿಧಿಯ ಆಕ್ಚುವೇರಿಯಲ್ ವರದಿಯನ್ನು ಓದುವ ಬಗೆ: ನಿಧಿ ಶೇ 80ರಷ್ಟಿದ್ದರೆ ಸದಸ್ಯನ ಕೈಗೆ ಬರುವುದೆಷ್ಟು?

ಪಿಂಚಣಿ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಸದಸ್ಯರ ಕೈಗೆ ಸಾಮಾನ್ಯವಾಗಿ ಒಂದೇ ಹಾಳೆ ಬರುತ್ತದೆ. ಅದರಲ್ಲಿ ನಿಧಿಯ ಆಸ್ತಿ ಇಷ್ಟು, ಕೊಡಬೇಕಾದ ಪಿಂಚಣಿಗಳ ಇಂದಿನ ಬೆಲೆ ಅಂದರೆ ಹೊಣೆ ಇಷ್ಟು, ಆಸ್ತಿ ಹೊಣೆಯ ಎಷ್ಟು ಭಾಗ ಎಂದು ಹೇಳುವ ನಿಧಿ ಅನುಪಾತ ಶೇ 80 ಎಂದು ಬರೆದಿರುತ್ತದೆ. ನೂರು ರೂಪಾಯಿ ಪಿಂಚಣಿ ಬರಬೇಕಾದಲ್ಲಿ ಎಂಬತ್ತೇ ಬರುತ್ತದೆ ಎಂದು ಕೆಲವರು ಗಾಬರಿಯಾಗುತ್ತಾರೆ. ಶೇ 80 ಎಂದರೆ ಫಸ್ಟ್ ಕ್ಲಾಸ್ ಅಲ್ಲವೇ ಎಂದು ಇನ್ನು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಎರಡೂ ತಪ್ಪು ಓದು. ಆ ಒಂದು ಅಂಕಿಯ ಹಿಂದಿರುವ ಲೆಕ್ಕವನ್ನು ಸದಸ್ಯನೇ ಹೇಗೆ ಬಿಡಿಸಿ ನೋಡಬಹುದು, ಕೊರತೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಯ ಟ್ರಸ್ಟ್ ಕಾಲ್ಪನಿಕವಾದದ್ದು. ಅದು ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯದೆಂದು ಇಟ್ಟುಕೊಳ್ಳೋಣ.

ಮೊದಲು, ನಿಮ್ಮದು ಯಾವ ಬಗೆಯ ಪಿಂಚಣಿ ಎಂದು ಖಚಿತಪಡಿಸಿಕೊಳ್ಳಿ

ಕೊರತೆ ಎಂಬ ಮಾತು ಎಲ್ಲ ಪಿಂಚಣಿಗೂ ಅನ್ವಯಿಸುವುದಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಕರ್ನಾಟಕ ಸರ್ಕಾರಿ ಸೇವೆಗೆ ಸೇರಿದವರು, 2010ರ ಏಪ್ರಿಲ್ 1ರಿಂದ ಈಚೆಗೆ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಸೇರಿದವರು ಎನ್‌ಪಿಎಸ್ ವ್ಯವಸ್ಥೆಯಲ್ಲಿದ್ದಾರೆ. ಅಲ್ಲಿ ಖಾತೆಯಲ್ಲಿ ಎಷ್ಟು ಬೆಳೆದಿದೆಯೋ ಅಷ್ಟೇ ನಿಮ್ಮದು. ಯಾರೂ ಇಂತಿಷ್ಟು ಪಿಂಚಣಿ ಕೊಡುತ್ತೇವೆಂದು ಮಾತು ಕೊಟ್ಟಿಲ್ಲವಾದ್ದರಿಂದ ಕೊರತೆಯ ಪ್ರಶ್ನೆಯೇ ಏಳುವುದಿಲ್ಲ. ಮಾರುಕಟ್ಟೆ ಕುಸಿದರೆ ನಷ್ಟ ನೇರವಾಗಿ ನಿಮ್ಮದೇ. ಇದಕ್ಕೆ ಬದಲಾಗಿ, ಕೊನೆಯ ಸಂಬಳದ ಇಂತಿಷ್ಟು ಭಾಗವನ್ನು ಸೇವಾವಧಿಗೆ ತಕ್ಕಂತೆ ಕೊಡುತ್ತೇವೆ ಎಂದು ಸೂತ್ರದ ರೂಪದಲ್ಲಿ ಮಾತು ಕೊಟ್ಟಿದ್ದರೆ, ಆ ಮಾತಿನ ಬೆಲೆಯನ್ನು ಯಾರಾದರೂ ಲೆಕ್ಕ ಹಾಕಿ, ಅದಕ್ಕೆ ತಕ್ಕ ಹಣ ಇದೆಯೇ ಎಂದು ನೋಡಬೇಕಾಗುತ್ತದೆ. ಆ ಕೆಲಸ ಮಾಡುವವರು ಆಕ್ಚುವರಿ. ಈ ಲೇಖನ ಇರುವುದು ಆ ಎರಡನೆಯ ಬಗೆಯ ಪಿಂಚಣಿಯವರಿಗೆ.

ಇನ್ನೊಂದು ವಿಷಯವನ್ನು ಈ ಹಂತದಲ್ಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಒಂದೇ ನಿಧಿಗೆ ಎರಡು ಬೇರೆ ಬೇರೆ ವರದಿಗಳು ಇರಬಹುದು. ಕಂಪನಿಯ ಲೆಕ್ಕಪತ್ರಕ್ಕಾಗಿ ಇಂಡ್ ಎಎಸ್ 19 ಎಂಬ ಮಾನದಂಡದಂತೆ ಮಾಡುವ ವರದಿ ಒಂದು. ವರ್ಷಕ್ಕೆ ಎಷ್ಟು ವಂತಿಗೆ ಕಟ್ಟಬೇಕೆಂದು ಟ್ರಸ್ಟಿಗೆ ಸಲಹೆ ಕೊಡುವ ವರದಿ ಇನ್ನೊಂದು. ಎರಡರಲ್ಲೂ ಊಹೆಗಳು ಬೇರೆಯಾಗಿರಬಹುದು, ಆದ್ದರಿಂದ ಅನುಪಾತವೂ ಬೇರೆಯಾಗಬಹುದು. ಒಂದರ ಆಸ್ತಿಯನ್ನು ಇನ್ನೊಂದರ ಹೊಣೆಯಿಂದ ಭಾಗಿಸಿ ಗಾಬರಿಯಾದ ಸದಸ್ಯರಿದ್ದಾರೆ.

ಹೊಣೆಯನ್ನು ಒಬ್ಬ ಸದಸ್ಯನ ಮಟ್ಟಕ್ಕೆ ಇಳಿಸಿ ನೋಡಿ

ನಮ್ಮ ಪೀಣ್ಯದ ಟ್ರಸ್ಟಿನ ನಿಯಮ ಹೀಗಿದೆ: ಪ್ರತಿ ವರ್ಷದ ಸೇವೆಗೆ ಕೊನೆಯ ಸಂಬಳದ ಶೇ 1.5ರಂತೆ, 60ನೇ ವಯಸ್ಸಿನಿಂದ ಪಿಂಚಣಿ. ಸದಸ್ಯೆಯೊಬ್ಬರಿಗೆ ಈಗ 45 ವರ್ಷ, ಸೇವೆ 20 ವರ್ಷ, ಸಂಬಳ ತಿಂಗಳಿಗೆ 40,000 ರೂಪಾಯಿ. ಇವರ ಮಟ್ಟಿಗೆ ನಿಧಿಯ ಹೊಣೆ ಇಂದು ಎಷ್ಟು?

ಆಕ್ಚುವರಿ ಮೊದಲು ಸಂಬಳವನ್ನು ನಿವೃತ್ತಿಯವರೆಗೆ ಬೆಳೆಸುತ್ತಾರೆ. ವರ್ಷಕ್ಕೆ ಶೇ 6ರಂತೆ ಏರಿದರೆ 15 ವರ್ಷದಲ್ಲಿ 40,000 ರೂಪಾಯಿ ಸುಮಾರು 95,900 ಆಗುತ್ತದೆ. ಆದರೆ ಸೇವೆಯನ್ನು ಮಾತ್ರ ಇವತ್ತಿನವರೆಗಿನದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮುಂದಿನ 15 ವರ್ಷದ ಸೇವೆಯ ವೆಚ್ಚ ಆಯಾ ವರ್ಷದ್ದು. ಸಂಬಳ ನಾಳೆಯದು, ಸೇವೆ ಇಂದಿನದು ಎಂಬ ಈ ಪದ್ಧತಿಗೆ ಪ್ರೊಜೆಕ್ಟೆಡ್ ಯೂನಿಟ್ ಕ್ರೆಡಿಟ್ ಎಂದು ಹೆಸರು. ಹಾಗಾಗಿ 20 ವರ್ಷಕ್ಕೆ ಶೇ 30, ಅಂದರೆ ತಿಂಗಳಿಗೆ ಸುಮಾರು 28,760 ರೂಪಾಯಿ, ವರ್ಷಕ್ಕೆ 3.45 ಲಕ್ಷ.

ಇಷ್ಟು ಪಿಂಚಣಿಯನ್ನು 60ನೇ ವಯಸ್ಸಿನಿಂದ ಜೀವನಪರ್ಯಂತ ಕೊಡಲು ಆ ದಿನ ಎಷ್ಟು ಗಂಟು ಬೇಕು ಎಂಬುದು ಮುಂದಿನ ಪ್ರಶ್ನೆ. ಯಾವ ವಯಸ್ಸಿನಲ್ಲಿ ಸಾವಿನ ಸಂಭವ ಎಷ್ಟು ಎಂದು ಹೇಳುವ ಮರಣ ಕೋಷ್ಟಕವನ್ನೂ, ಮುಂದಿನ ಹಣವನ್ನು ಇಂದಿನ ಬೆಲೆಗೆ ಇಳಿಸುವ ಬಡ್ಡಿ ದರವಾದ ಶೇ 7ರ ಡಿಸ್ಕೌಂಟ್ ದರವನ್ನೂ ಬಳಸಿ ಬರುವ ಗುಣಕ 10.5 ಎಂದಿಟ್ಟುಕೊಂಡರೆ ಬೇಕಾದ ಗಂಟು ಸುಮಾರು 36.2 ಲಕ್ಷ. ಅದು ಹದಿನೈದು ವರ್ಷ ಮುಂದಿನ ಮೊತ್ತ. ಶೇ 7ರಂತೆ ಇಂದಿಗೆ ಇಳಿಸಿದರೆ 13.1 ಲಕ್ಷ. ಆಕೆ ನಿವೃತ್ತಿಯವರೆಗೆ ಬದುಕಿ ಕೆಲಸದಲ್ಲೇ ಉಳಿಯುವ ಸಂಭವವನ್ನು ಶೇ 90 ಎಂದು ಹಿಡಿದರೆ ಉಳಿಯುವುದು ಸುಮಾರು 11.8 ಲಕ್ಷ ರೂಪಾಯಿ. ಹೀಗೆ ಪ್ರತಿಯೊಬ್ಬರಿಗೂ ಲೆಕ್ಕ ಹಾಕಿ ಕೂಡಿಸಿದ ಮೊತ್ತವೇ ವರದಿಯಲ್ಲಿರುವ ಹೊಣೆ. ನಿಜವಾದ ವರದಿಯಲ್ಲಿ ಕುಟುಂಬ ಪಿಂಚಣಿ, ನಡುವೆ ಬಿಟ್ಟುಹೋಗುವವರ ಪಾಲು ಎಲ್ಲವೂ ಸೇರುತ್ತವೆ, ಆದರೆ ಎಲುಬಿನ ಗೂಡು ಇಷ್ಟೇ.

ಇದರಲ್ಲಿ ಯಾವ ಊಹೆ ಹೆಚ್ಚು ಭಾರದ್ದು ಎಂದು ನೋಡಬೇಕು. ಸಂಬಳ ಶೇ 6ರ ಬದಲು ಶೇ 8ರಂತೆ ಏರಿದರೆ ಇದೇ ಸದಸ್ಯೆಯ ಹೊಣೆ ಶೇ 32ರಷ್ಟು ಹೆಚ್ಚುತ್ತದೆ. ಡಿಸ್ಕೌಂಟ್ ದರ ಶೇ 7ರಿಂದ 6.5ಕ್ಕೆ ಇಳಿದರೆ, ಅಂದರೆ ಬರೀ ಅರ್ಧ ಅಂಶ ಕಡಿಮೆಯಾದರೆ, 11.8 ಲಕ್ಷ ಇದ್ದದ್ದು ಸುಮಾರು 13.2 ಲಕ್ಷವಾಗುತ್ತದೆ. ಆದ್ದರಿಂದ ವರದಿಯಲ್ಲಿ ಡಿಸ್ಕೌಂಟ್ ದರವನ್ನು ಮಾತ್ರ ನೋಡಿದರೆ ಸಾಲದು. ಡಿಸ್ಕೌಂಟ್ ದರಕ್ಕೂ ಸಂಬಳ ಏರಿಕೆಯ ದರಕ್ಕೂ ನಡುವಿನ ಅಂತರವನ್ನು ನೋಡಿ, ಅದನ್ನು ನಿಮ್ಮ ಕಾರ್ಖಾನೆಯ ಕಳೆದ ಎರಡು ಮೂರು ವೇತನ ಒಪ್ಪಂದಗಳೊಂದಿಗೆ ಹೋಲಿಸಿ. ಪ್ರತಿ ಒಪ್ಪಂದದಲ್ಲೂ ವರ್ಷಕ್ಕೆ ಸರಾಸರಿ ಶೇ 9 ಏರಿಕೆ ಪಡೆಯುತ್ತಾ ಬಂದಿರುವ ಕಡೆ ವರದಿ ಶೇ 5 ಎಂದು ಹೇಳಿದರೆ, ಹೊಣೆಯನ್ನು ಕಡಿಮೆ ತೋರಿಸಲಾಗಿದೆ ಎಂದೇ ನಾನು ಓದುತ್ತೇನೆ.

ಮರಣ ಕೋಷ್ಟಕದ ಹೆಸರನ್ನೂ ಒಮ್ಮೆ ನೋಡಿ. ಭಾರತದಲ್ಲಿ ಜೀವವಿಮೆ ಪಡೆದವರ ಅನುಭವದಿಂದ ತಯಾರಾದ 2012–14ರ ಕೋಷ್ಟಕ ಬೇರೆ, ಗಂಟು ಕಟ್ಟಿ ಜೀವನಪರ್ಯಂತ ಪಿಂಚಣಿ ಕೊಳ್ಳುವ ವ್ಯವಸ್ಥೆಯಾದ ಆನ್ಯುಯಿಟಿ ಪಡೆಯುವವರ ಅನುಭವದಿಂದ ತಯಾರಾದ 2012–15ರ ಕೋಷ್ಟಕ ಬೇರೆ. ಆನ್ಯುಯಿಟಿ ಕೊಳ್ಳುವವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಈಗಾಗಲೇ ಪಿಂಚಣಿ ಪಡೆಯುತ್ತಿರುವವರಿಗೂ ಮೊದಲಿನ ಕೋಷ್ಟಕವನ್ನೇ ಬಳಸಿದ್ದರೆ ಹೊಣೆ ಇರಬೇಕಾದ್ದಕ್ಕಿಂತ ಕಡಿಮೆ ಕಾಣುವ ಸಾಧ್ಯತೆ ಇದೆ. ಯಾಕೆ ಎಂದು ಬರವಣಿಗೆಯಲ್ಲಿ ಕೇಳಬಹುದು.

ಆಸ್ತಿಯ ಅಂಕಿ ಯಾವ ಬೆಲೆಯಲ್ಲಿದೆ ಎಂದು ನೋಡಿ

ಆಸ್ತಿಯ ಪಟ್ಟಿ ನೋಡಲು ಸುಲಭ, ಆದರೆ ಬೆಲೆ ಯಾವುದು ಎಂಬುದು ಮುಖ್ಯ. ಬಾಂಡನ್ನು ಕೊಂಡ ಬೆಲೆಯಲ್ಲಿ ತೋರಿಸಿದ್ದಾರೆಯೋ ಇಂದಿನ ಮಾರುಕಟ್ಟೆ ಬೆಲೆಯಲ್ಲೋ? ಹೊಣೆಯನ್ನು ಇಂದಿನ ಬಡ್ಡಿಯಲ್ಲಿ ಅಳೆದು ಆಸ್ತಿಯನ್ನು ಹತ್ತು ವರ್ಷದ ಹಿಂದಿನ ಕೊಳ್ಳುವ ಬೆಲೆಯಲ್ಲಿ ಅಳೆದರೆ ಬರುವ ಅನುಪಾತಕ್ಕೆ ಅರ್ಥವಿಲ್ಲ. ಅದಕ್ಕಿಂತ ಕೆಟ್ಟದ್ದು, ಹಣ ವಾಪಸು ಬರುವುದೇ ಅನುಮಾನವಾಗಿರುವ ಬಾಂಡುಗಳು ಪೂರ್ಣ ಮುಖಬೆಲೆಯಲ್ಲಿ ಪಟ್ಟಿಯಲ್ಲಿ ಉಳಿದಿರುವುದು. 2018ರಲ್ಲಿ ಐಎಲ್‌ ಅಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲಾಗದೆ ನಿಂತಾಗ ಅನೇಕ ಪಿಎಫ್ ಮತ್ತು ಪಿಂಚಣಿ ಟ್ರಸ್ಟುಗಳ ಹಣ ಅದರ ಬಾಂಡುಗಳಲ್ಲಿತ್ತು. ಕೊಳ್ಳುವಾಗ ಅವಕ್ಕೆ ಅತ್ಯುತ್ತಮ ರೇಟಿಂಗ್ ಇತ್ತು. ಅಂಥವು ಪಟ್ಟಿಯಲ್ಲಿ ಇವೆಯೇ, ಇದ್ದರೆ ಎಷ್ಟನ್ನು ನಷ್ಟವೆಂದು ಕಳೆದಿದ್ದಾರೆ ಎಂದು ನೋಡಿ. ಕಂಪನಿಯೇ ಕೊಡಬೇಕಾದ ಬಾಕಿ ವಂತಿಗೆಯನ್ನು ಆಸ್ತಿಯೊಳಗೆ ಸೇರಿಸಿದ್ದರೆ ಅದನ್ನೂ ಪಕ್ಕಕ್ಕೆ ತೆಗೆದಿಡಿ, ಅದು ಇನ್ನೂ ಬಂದಿಲ್ಲದ ಹಣ.

ಈಗ ಅನುಪಾತವನ್ನು ನೀವೇ ಹಾಕಿ, ಸ್ವಲ್ಪ ಅಲುಗಾಡಿಸಿ ನೋಡಿ

ನಮ್ಮ ಟ್ರಸ್ಟಿನಲ್ಲಿ ಈಗಾಗಲೇ ನಿವೃತ್ತರಾದವರ ಮಟ್ಟಿಗೆ ಹೊಣೆ 48 ಕೋಟಿ, ಸೇವೆಯಲ್ಲಿರುವವರ ಮಟ್ಟಿಗೆ 72 ಕೋಟಿ, ಒಟ್ಟು 120 ಕೋಟಿ. ಆಸ್ತಿ 96 ಕೋಟಿ. ಆಸ್ತಿಯನ್ನು ಹೊಣೆಯಿಂದ ಭಾಗಿಸಿದರೆ ಶೇ 80, ಕೊರತೆ 24 ಕೋಟಿ.

ಡಿಸ್ಕೌಂಟ್ ದರವನ್ನು ಅರ್ಧ ಅಂಶ ಇಳಿಸೋಣ. ನಿವೃತ್ತರಿಗೆ ಪಾವತಿ ಈಗಲೇ ನಡೆಯುತ್ತಿರುವುದರಿಂದ ಅವರ ಹೊಣೆ ಶೇ 4ರಷ್ಟು ಮಾತ್ರ ಏರಿ ಸುಮಾರು 50 ಕೋಟಿಯಾಗುತ್ತದೆ. ಸೇವೆಯಲ್ಲಿರುವವರ ಪಾವತಿ ದೂರದಲ್ಲಿರುವುದರಿಂದ ಅವರದು ಸರಾಸರಿ ಶೇ 7.5ರಷ್ಟು ಏರಿ 77.4 ಕೋಟಿಯಾಗುತ್ತದೆ. ಮೇಲಿನ 45ರ ಸದಸ್ಯೆಯದು ಸರಾಸರಿಗಿಂತ ಹೆಚ್ಚು ಏರಿದ್ದು ಆಕೆಯ ನಿವೃತ್ತಿ ಇನ್ನೂ ದೂರ ಇರುವುದರಿಂದ. ಒಟ್ಟು ಹೊಣೆ ಸುಮಾರು 127.3 ಕೋಟಿ. ಬಡ್ಡಿ ಇಳಿದಾಗ ನಿಧಿಯ ಕೈಯಲ್ಲಿರುವ ಬಾಂಡುಗಳ ಬೆಲೆಯೂ ಏರುತ್ತದೆ. 60 ಕೋಟಿಯ ಬಾಂಡುಗಳು ಶೇ 3ರಷ್ಟು ಏರಿದರೆ 1.8 ಕೋಟಿ ಸಿಕ್ಕಿ ಆಸ್ತಿ 97.8 ಕೋಟಿಯಾಗುತ್ತದೆ. ಅನುಪಾತ ಸುಮಾರು ಶೇ 77, ಕೊರತೆ 29.5 ಕೋಟಿ. ಕಾರ್ಖಾನೆಯಲ್ಲಿ ಏನೂ ಬದಲಾಗಿಲ್ಲ, ಯಾರೂ ಹಣ ಕಳೆದಿಲ್ಲ, ಆದರೂ ಕೊರತೆ ಐದೂವರೆ ಕೋಟಿ ಹೆಚ್ಚಾಯಿತು.

ಇದು ಬರೀ ಕಾಗದದ ಆಟವಲ್ಲ. ಲೆಕ್ಕಪತ್ರದ ವರದಿಯಲ್ಲಿ ಡಿಸ್ಕೌಂಟ್ ದರವನ್ನು ಸರ್ಕಾರಿ ಬಾಂಡುಗಳ ಇಳುವರಿಗೆ ಕಟ್ಟಿಹಾಕಲಾಗಿರುತ್ತದೆ. ಹತ್ತು ವರ್ಷದ ಸರ್ಕಾರಿ ಬಾಂಡಿನ ಇಳುವರಿ 2023ರ ಮಾರ್ಚ್ ಕೊನೆಗೆ ಶೇ 7.3ರ ಆಸುಪಾಸಿನಲ್ಲಿತ್ತು, 2025ರ ಮಾರ್ಚ್ ಕೊನೆಗೆ ಶೇ 6.6ರ ಆಸುಪಾಸಿಗೆ ಬಂದಿತ್ತು. ಪಟ್ಟಿಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಯಲ್ಲಿ ‘ಉದ್ಯೋಗಿ ಸೌಲಭ್ಯಗಳು’ ಎಂಬ ಟಿಪ್ಪಣಿಯೊಳಗೆ, ದರ ಇಷ್ಟು ಬದಲಾದರೆ ಹೊಣೆ ಎಷ್ಟು ಬದಲಾಗುತ್ತದೆ ಎಂಬ ಕೋಷ್ಟಕ ಇರಲೇಬೇಕು. ಅದಿದ್ದರೆ ನೀವು ಲೆಕ್ಕ ಹಾಕುವ ಶ್ರಮವೂ ಬೇಡ.

ಕೊರತೆಯ ಮೇಲೂ ಬಡ್ಡಿ ಬೆಳೆಯುತ್ತದೆ

ನನ್ನ ಅಭಿಪ್ರಾಯದಲ್ಲಿ ಸದಸ್ಯರು ಅತಿ ಹೆಚ್ಚು ಕಡೆಗಣಿಸುವ ಅಂಕಿ ಇದು. ಹೊಣೆ ಪ್ರತಿ ವರ್ಷ ಡಿಸ್ಕೌಂಟ್ ದರದಷ್ಟು ಬೆಳೆಯುತ್ತದೆ, ಆಸ್ತಿ ಇಲ್ಲದ ಭಾಗಕ್ಕೆ ಮಾತ್ರ ಬೆಳೆಯಲು ಏನೂ ಇರುವುದಿಲ್ಲ. 24 ಕೋಟಿ ಕೊರತೆಗೆ ಶೇ 7ರಂತೆ ಮೊದಲ ವರ್ಷವೇ 1.68 ಕೋಟಿ ಸೇರುತ್ತದೆ. ಆಯಾ ವರ್ಷದ ಸೇವೆಯ ವೆಚ್ಚ ಕಟ್ಟಿದ ಮೇಲೆ ಕಂಪನಿ ಹೆಚ್ಚುವರಿಯಾಗಿ 1.68 ಕೋಟಿಗಿಂತ ಕಡಿಮೆ ಕಟ್ಟಿದರೆ ಕೊರತೆ ತೀರುವುದಿರಲಿ, ಬೆಳೆಯುತ್ತದೆ. ಎಂಟು ವರ್ಷದಲ್ಲಿ ಸಮ ಕಂತುಗಳಲ್ಲಿ ತೀರಿಸಬೇಕೆಂದರೆ ವರ್ಷಕ್ಕೆ ಸುಮಾರು 4 ಕೋಟಿ ಬೇಕು. ‘ಕೊರತೆ ತುಂಬಲು ಪ್ರತಿ ವರ್ಷ ಒಂದು ಕೋಟಿ ಹೆಚ್ಚುವರಿ ಕೊಡುತ್ತಿದ್ದೇವೆ’ ಎಂದು ಆಡಳಿತ ವರ್ಗ ಹೇಳಿದಾಗ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆ ಒಂದು ಕೋಟಿ ಬಡ್ಡಿಗೂ ಸಾಲದು ಎಂದು ಯಾರೂ ಎದ್ದು ಹೇಳುವುದಿಲ್ಲ.

ಕೊರತೆ ಸದಸ್ಯನಿಗೆ ಏನು ಮಾಡುತ್ತದೆ

ಕಂಪನಿ ನಡೆಯುತ್ತಿರುವವರೆಗೆ, ಸೂತ್ರದಂತೆ ಪಿಂಚಣಿ ಕೊಡುವ ಮಾತನ್ನು ಟ್ರಸ್ಟಿನ ನಿಯಮಗಳ ಪತ್ರವಾದ ಟ್ರಸ್ಟ್ ಡೀಡ್‌ನಲ್ಲಿ ಕಂಪನಿ ಹೊತ್ತುಕೊಂಡಿದ್ದರೆ, ಕೊರತೆ ಕಂಪನಿಯ ಸಾಲ. ಅದರ ಬ್ಯಾಲೆನ್ಸ್ ಶೀಟಿನಲ್ಲೇ ಕಾಣುತ್ತದೆ. ಪಿಂಚಣಿ ಎಂದಿನಂತೆ ಪೂರ್ತಿ ಬರುತ್ತದೆ. ಆದರೆ ಡೀಡ್‌ನಲ್ಲಿ ‘ನಿಧಿಯಲ್ಲಿ ಲಭ್ಯವಿರುವ ಮಟ್ಟಿಗೆ’ ಎಂಬ ಮಾತು ಇದೆಯೇ, ಮುಂದಿನ ಸೇವೆಯ ದರವನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಓದಲೇಬೇಕು. ಕೊರತೆ ಬೆಳೆದಾಗ ಮೊದಲು ಪೆಟ್ಟು ಬೀಳುವುದು ನಿಯಮದಲ್ಲಿ ಹಕ್ಕಾಗಿ ಬರೆಯದೆ ಇರುವ ಸೌಲಭ್ಯಗಳಿಗೆ: ಆಗೀಗ ಕೊಡುತ್ತಿದ್ದ ಪಿಂಚಣಿ ಏರಿಕೆ ನಿಲ್ಲುತ್ತದೆ, ಹೊಸಬರನ್ನು ಎನ್‌ಪಿಎಸ್‌ಗೆ ಕಳಿಸಲಾಗುತ್ತದೆ, ಮುಂದಿನ ವರ್ಷಗಳ ಸೇವೆಗೆ ಶೇ 1.5 ಇದ್ದದ್ದು ಶೇ 1 ಆಗುತ್ತದೆ.

ಕಂಪನಿಯೇ ಮುಚ್ಚಿದರೆ ಲೆಕ್ಕ ಪೂರ್ತಿ ಬೇರೆ. ಆಗ ಮುಂದೆ ಸಂಬಳ ಏರುವುದಿಲ್ಲವಾದ್ದರಿಂದ ಪಿಂಚಣಿ ಇಂದಿನ ಸಂಬಳದ ಮೇಲೆ ನಿಲ್ಲುತ್ತದೆ, ಮತ್ತು ಅದನ್ನು ವಿಮಾ ಕಂಪನಿಯಿಂದ ಆನ್ಯುಯಿಟಿಯಾಗಿ ಕೊಳ್ಳಬೇಕಾಗುತ್ತದೆ. ವಿಮಾ ಕಂಪನಿ ತನ್ನ ಖರ್ಚು, ಲಾಭ, ಸುರಕ್ಷತೆಯ ಅಂಚು ಸೇರಿಸಿ ಬೆಲೆ ಹೇಳುವುದರಿಂದ ನಿವೃತ್ತರ 48 ಕೋಟಿ ಇಲ್ಲಿ 58 ಕೋಟಿಯಾಯಿತು ಎಂದಿಟ್ಟುಕೊಳ್ಳೋಣ. ಸೇವೆಯಲ್ಲಿದ್ದವರದು, ಸಂಬಳ ಏರಿಕೆ ಬಿಟ್ಟುಹೋದದ್ದರಿಂದ, 72ರಿಂದ 57 ಕೋಟಿಗೆ ಇಳಿಯಿತು. ಒಟ್ಟು 115 ಕೋಟಿ, ಆಸ್ತಿ 96 ಕೋಟಿ, ಅನುಪಾತ ಶೇ 83. ಕಾಗದದ ಮೇಲೆ ಸ್ಥಿತಿ ಸುಧಾರಿಸಿತು! ಡೀಡ್ ನಿವೃತ್ತರಿಗೆ ಮೊದಲ ಹಕ್ಕು ಕೊಟ್ಟಿದ್ದರೆ ಅವರಿಗೆ 58 ಕೋಟಿ ಪೂರ್ತಿ ಹೋಗುತ್ತದೆ, ಉಳಿದ 38 ಕೋಟಿ 57 ಕೋಟಿಯ ಹಕ್ಕಿಗೆ, ಅಂದರೆ ಮೂರನೇ ಎರಡು ಪಾಲಿಗೆ ಸಾಕಾಗುತ್ತದೆ.

45ರ ಆ ಸದಸ್ಯೆಯ ಕಡೆ ಮತ್ತೆ ನೋಡಿ. ಈವರೆಗಿನ ಸೇವೆಗೆ ಆಕೆ ನಿರೀಕ್ಷಿಸಿದ್ದು 60ನೇ ವಯಸ್ಸಿನಿಂದ ತಿಂಗಳಿಗೆ ಸುಮಾರು 28,760. ಇಂದಿನ ಸಂಬಳದ ಮೇಲೆ ನಿಂತ ಹಕ್ಕು 12,000. ಅದರ ಮೂರನೇ ಎರಡು ಪಾಲು 8,000. ಪಕ್ಕದ ಮನೆಯ ನಿವೃತ್ತ ಸಹೋದ್ಯೋಗಿಗೆ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಒಂದೇ ನಿಧಿ, ಒಂದೇ ಶೇ 80, ಇಬ್ಬರಿಗೆ ಎರಡು ಫಲ. ಇಂಥ ಸಂದರ್ಭಕ್ಕೆಂದು ಅಮೆರಿಕದಲ್ಲಿ 1974ರ ಕಾನೂನಿನಡಿ ಪಿಂಚಣಿ ಖಾತರಿ ನಿಗಮವಿದೆ, ಬ್ರಿಟನ್ನಿನಲ್ಲಿ 2005ರಿಂದ ಪಿಂಚಣಿ ರಕ್ಷಣಾ ನಿಧಿಯಿದೆ. ನಮ್ಮಲ್ಲಿ ಖಾಸಗಿ ಟ್ರಸ್ಟುಗಳಿಗೆ ಹಾಗೆ ಒತ್ತಾಸೆ ನಿಲ್ಲುವ ಸಂಸ್ಥೆ ಇಲ್ಲ. ಆದ್ದರಿಂದ ಕೊರತೆಯನ್ನು ಓದುವಾಗ ಕಂಪನಿಯ ಆರೋಗ್ಯವನ್ನೂ ಜೊತೆಗೇ ಓದಬೇಕು: ವರ್ಷಕ್ಕೆ 40 ಕೋಟಿ ಲಾಭ ಮಾಡುವ ಕಂಪನಿಗೆ 24 ಕೋಟಿ ಕೊರತೆ ದೊಡ್ಡದಲ್ಲ, ನಾಲ್ಕು ಕೋಟಿ ಲಾಭಕ್ಕೆ ತಿಣುಕುವ ಕಂಪನಿಗೆ ಅದು ಬೆಟ್ಟ.

ಇಪಿಎಸ್ ಮತ್ತು ವಿದ್ಯುತ್ ನೌಕರರ ನಿಧಿ

ಪಿಎಫ್ ಕಟ್ಟುವ ಬಹುತೇಕ ಕಾರ್ಮಿಕರು ಇರುವುದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ, ಅಂದರೆ ಇಪಿಎಸ್‌ನಲ್ಲಿ. ಮಾಲೀಕರ ಪಾಲಿನಿಂದ ಸಂಬಳದ ಶೇ 8.33, ಕೇಂದ್ರ ಸರ್ಕಾರದಿಂದ ಶೇ 1.16, ಎರಡೂ 2014ರ ಸೆಪ್ಟೆಂಬರಿನಿಂದ 15,000 ರೂಪಾಯಿ ಮಿತಿಯವರೆಗೆ ಮಾತ್ರ. ಯೋಜನೆಯ 32ನೇ ಪ್ಯಾರಾದಂತೆ ಪ್ರತಿ ವರ್ಷ ಮೌಲ್ಯಮಾಪನ ನಡೆಯಬೇಕು, ಮತ್ತು 2019ರ ಮಾರ್ಚ್ 31ರ ಮೌಲ್ಯಮಾಪನದಲ್ಲಿ ಕೊರತೆ ಇದೆಯೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಇಲ್ಲಿ ಕೊರತೆಯಿಂದ ಯಾರ ಪಿಂಚಣಿಯೂ ನಿಂತಿಲ್ಲ, ಬದಲಾಗಿರುವುದು ನಿಯಮಗಳು. 2008ರಲ್ಲಿ ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡುಗಂಟಾಗಿ ಪಡೆಯುವ ಅವಕಾಶ ಹೋಯಿತು. 2014ರಲ್ಲಿ ಕೊನೆಯ 12 ತಿಂಗಳ ಸರಾಸರಿ ಸಂಬಳದ ಬದಲು 60 ತಿಂಗಳ ಸರಾಸರಿ ಬಂತು. ಆಗಲೇ ಬಂದ 1,000 ರೂಪಾಯಿ ಕನಿಷ್ಠ ಪಿಂಚಣಿಗೆ ಸರ್ಕಾರ ತನ್ನ ಬಜೆಟ್ಟಿನಿಂದ ಹಣ ಸೇರಿಸುತ್ತದೆ. ಅದನ್ನು 7,500ಕ್ಕೆ ಏರಿಸಿ ಎಂಬ ಬೇಡಿಕೆಗೆ ಉತ್ತರ ಬರುವಾಗಲೂ ಈ ಕೊರತೆಯೇ ಎದುರಿಗೆ ಬಂದು ನಿಲ್ಲುತ್ತದೆ.

ಬೆಂಗಳೂರಿನ ಇನ್ನೊಂದು ಉದಾಹರಣೆ ಬೆಸ್ಕಾಂ ಬಿಲ್ಲಿನಲ್ಲೇ ಇದೆ. ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿ ಹಾಗೂ ಗ್ರಾಚ್ಯುಯಿಟಿಗಾಗಿ ಪ್ರತ್ಯೇಕ ಟ್ರಸ್ಟ್ ಇದೆ. ಅದಕ್ಕೆ ಸರ್ಕಾರದ ಪಾಲಾಗಿ ಬರಬೇಕಿದ್ದ ಮೊತ್ತವನ್ನು 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆಯಂತೆ ಗ್ರಾಹಕರಿಂದ ವಸೂಲು ಮಾಡಲು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಅನುಮತಿ ಕೊಟ್ಟಿತು. ಅಂದರೆ ಅಲ್ಲಿ ಪಿಂಚಣಿಯ ಭಾರ ಬಿದ್ದದ್ದು ಸದಸ್ಯರ ಮೇಲಲ್ಲ, ಮನೆಮನೆಯ ಮೀಟರಿನ ಮೇಲೆ.

ಕಳೆದ ವರ್ಷದ ವರದಿಯನ್ನು ಪಕ್ಕಕ್ಕಿಟ್ಟು ಓದಿ

ಕಡೆಯದಾಗಿ, ಎರಡು ವರ್ಷದ ವರದಿಗಳ ನಡುವೆ ಕೊರತೆ ಯಾಕೆ ಬದಲಾಯಿತು ಎಂಬ ವಿವರಣೆಯನ್ನು ಕೇಳಿ ಪಡೆಯಿರಿ. ಟ್ರಸ್ಟಿಗಳಿಗೆ ಪತ್ರ ಬರೆಯಬಹುದು, ಕಾರ್ಮಿಕ ಸಂಘದ ಮೂಲಕ ಕೇಳಬಹುದು, ಸಾರ್ವಜನಿಕ ಉದ್ದಿಮೆಯಾದರೆ ಮಾಹಿತಿ ಹಕ್ಕಿನ ದಾರಿಯೂ ಇದೆ. ನಮ್ಮ ಟ್ರಸ್ಟಿನಲ್ಲಿ ಕಳೆದ ವರ್ಷ ಕೊರತೆ 20 ಕೋಟಿ ಇತ್ತು. ಅದಕ್ಕೆ ಬಡ್ಡಿ 1.4 ಕೋಟಿ ಸೇರಿತು. ವೇತನ ಒಪ್ಪಂದ ಊಹೆಗಿಂತ ಹೆಚ್ಚಾದದ್ದರಿಂದ 2.5 ಕೋಟಿ, ಹೂಡಿಕೆಯ ಗಳಿಕೆ ಅಂದಾಜಿಗಿಂತ ಕಡಿಮೆಯಾದದ್ದರಿಂದ 1.1 ಕೋಟಿ ಸೇರಿತು. ಕಂಪನಿ ಹೆಚ್ಚುವರಿ ಕಟ್ಟಿದ ಒಂದು ಕೋಟಿ ಕಳೆಯಿತು. ಉಳಿದದ್ದು 24 ಕೋಟಿ, ಲೆಕ್ಕ ಸರಿಹೊಂದಿತು. ಇದೇ ವರ್ಷ ಡಿಸ್ಕೌಂಟ್ ದರವನ್ನೂ ಒಂದಿಷ್ಟು ಏರಿಸಿ ಹೊಣೆಯನ್ನು 4 ಕೋಟಿ ಇಳಿಸಿದ್ದರೆ ಹಾಳೆಯ ಮೇಲೆ ಕೊರತೆ 20 ಕೋಟಿಯಲ್ಲೇ ನಿಂತಂತೆ ಕಾಣುತ್ತಿತ್ತು, ಬಡ್ಡಿಗೂ ಸಾಲದ ವಂತಿಗೆಯ ವಿಷಯ ಸಭೆಯಲ್ಲಿ ಏಳುತ್ತಲೇ ಇರಲಿಲ್ಲ. ಹಾಗಾಗಿ ಆ ವಿವರಣೆಯಲ್ಲಿ ‘ಊಹೆಗಳ ಬದಲಾವಣೆಯಿಂದ’ ಎಂಬ ಸಾಲು ಇದೆಯೇ, ಇದ್ದರೆ ಎಷ್ಟು ಕೋಟಿ, ಆ ವರ್ಷ ಸರ್ಕಾರಿ ಬಾಂಡಿನ ಇಳುವರಿ ನಿಜವಾಗಿಯೂ ಅದೇ ದಿಕ್ಕಿನಲ್ಲಿ ಸಾಗಿತ್ತೇ ಎಂದು ಮೊದಲು ನೋಡಿ.